ಮಾರಾಟಕ್ಕೆ: ಕೆಎಸ್‌ಐಸಿ ಮೈಸೂರು ರೇಷ್ಮೆ ಕ್ರೇಪ್ ಸೀರೆ, ನೇರಳೆ ಬಣ್ಣ, ಎರಡೂ ಕಡೆ ಜರಿ ಅಂಚು, ಉಟ್ಟ ಸೀರೆ, ₹7,500

ಬಣ್ಣ: ಕಳಿತ ನೇರಳೆ ಹಣ್ಣಿನದು, ಒಡಲು ಪ್ಲೇನ್
ಅಂಚು: ಎರಡೂ ಕಡೆ 4 ಇಂಚು ಜರಿ
ಸೆರಗು: ಜರಿ ಪಟ್ಟೆ, ತುದಿಗೆ ಕುಚ್ಚು ಕಟ್ಟಿಸಿಲ್ಲ
ಉದ್ದ: ಸೀರೆ 5.5 ಮೀಟರ್, ಬ್ಲೌಸ್ ಪೀಸ್ ಬೇರೆ 78 ಸೆಂ.ಮೀ.
ಅಗಲ: 46 ಇಂಚು
ತೂಕ: ಫಾಲ್ ಸೇರಿ 440 ಗ್ರಾಂ (ಅಡುಗೆಮನೆ ತಕ್ಕಡಿಯಲ್ಲಿ ತೂಗಿದ್ದು)
ಇರುವ ಊರು: ಮೈಸೂರು, ಕುವೆಂಪುನಗರ

ಸೀರೆ ನಮ್ಮ ಅತ್ತೆಯವರದು. 2013ರಲ್ಲಿ ಮಾನಂದವಾಡಿ ರಸ್ತೆಯ ಕಾರ್ಖಾನೆ ಮಳಿಗೆಯಲ್ಲಿ ಕೊಂಡದ್ದು, ಆಗ 11,400 ರೂಪಾಯಿ. ಬಿಲ್ ಇಟ್ಟಿದ್ದಾರೆ, ಅಕ್ಷರ ಅರ್ಧ ಮಾಸಿದೆ. ಕಾರ್ಖಾನೆಯವರು ಹಾಕಿದ ಸಂಕೇತ ಸಂಖ್ಯೆ ಸೀರೆಯ ಮೇಲೆ ಹಾಗೇ ಇದೆ, 2ನೇ ಫೋಟೊದಲ್ಲಿ ನೋಡಿ. ಅತ್ತೆಗೀಗ ಕಾಟನ್ ಬಿಟ್ಟು ಬೇರೇನೂ ಹಿಡಿಸುವುದಿಲ್ಲ. ನನ್ನ ಹತ್ತಿರ ಇದೇ ಬಣ್ಣದ್ದು ಇನ್ನೊಂದಿದೆ. ಹಾಗಾಗಿ ಕೊಡುತ್ತಿದ್ದೇವೆ.

ಇದು ಹೊಸದರ ಹಾಗಿದೆ ಎಂದು ನಾನು ಬರೆಯುವುದಿಲ್ಲ. ಮದುವೆ, ಗೃಹಪ್ರವೇಶ, ಗೌರಿ ಹಬ್ಬ ಎಂದು ಚೆನ್ನಾಗಿಯೇ ಉಟ್ಟಿದ್ದಾರೆ. "ಕಲೆ ಇದ್ರೆ ಮೊದಲೇ ಹೇಳ್ಬಿಡು, ಅವರ ಮನೆಗೆ ಹೋದ್ಮೇಲೆ ಬೈಸ್ಕೋಬೇಡ" ಎಂದು ಅತ್ತೆ ಅಂದಿದ್ದಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕೊಳ್ಳುವ ಮನಸ್ಸಿದ್ದವರು ದಯವಿಟ್ಟು ಪೂರ್ತಿ ಓದಿ.

ಜರಿ

ಮೊದಲು ಇದನ್ನೇ ಎಲ್ಲರೂ ಕೇಳುತ್ತಾರೆ. ಕೆಎಸ್‌ಐಸಿ ತನ್ನ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಎಂದು ಹೇಳುತ್ತದೆ. ಅದು ಜರಿ ಎಳೆಯ ಲೆಕ್ಕ, ಇಡೀ ಸೀರೆಯದಲ್ಲ. ಅಂಚು ಸುಟ್ಟರೆ ಎಷ್ಟು ಬೆಳ್ಳಿ ಸಿಗಬಹುದು ಎಂದು ಕೇಳುವವರು ಬೇರೆ ಕಡೆ ನೋಡಿ. ಹಳೇ ಜರಿ ಸೀರೆ ತೂಕಕ್ಕೆ ಕೊಳ್ಳುವವರು ನಮ್ಮ ಬೀದಿಗೂ ಬರುತ್ತಾರೆ. ಅವರಿಗೆ ಕೊಡುವುದಾಗಿದ್ದರೆ ಇಷ್ಟೆಲ್ಲ ಬರೆಯುವ ಅಗತ್ಯ ಇರಲಿಲ್ಲ.

ಹೊಳಪು ಇದೆ, ಆದರೆ ಅಂಗಡಿಯಿಂದ ತಂದ ದಿನದ ಕಣ್ಣು ಕೋರೈಸುವ ಹಳದಿ ಹೋಗಿ ಸ್ವಲ್ಪ ಮಂಕು ಹೊನ್ನಿನ ಬಣ್ಣಕ್ಕೆ ತಿರುಗಿದೆ. ನನಗೆ ಕೇಳಿದರೆ ನೇರಳೆಗೆ ಇದೇ ಚೆಂದ. ಎಲ್ಲೂ ಹಸಿರು ಕಟ್ಟಿಲ್ಲ, ಕರಿ ಮಚ್ಚೆ ಬಿದ್ದಿಲ್ಲ. ಪಾಲಿಶ್ ಮಾಡಿಸಿಲ್ಲ, ಬೂದಿ, ನಿಂಬೆಹಣ್ಣು ಅಂತ ಮನೆಮದ್ದು ಹಚ್ಚಿ ಉಜ್ಜಿಯೂ ಇಲ್ಲ.

ಮೇಲಿನ ಅಂಚಿನ ಜರಿಗೆ ಸವೆತ ಇಲ್ಲವೇ ಇಲ್ಲ ಎನ್ನಬಹುದು. ಜರಿಗೆ ತೊಂದರೆ ಇರುವುದು ಎರಡು ಕಡೆ. ಒಂದು, ಕೆಳಗಿನ ಅಂಚಿನಲ್ಲಿ ಮುಂದಿನ ನೆರಿಗೆಗಳು ಪಾದಕ್ಕೆ ತಾಗುವ ಜಾಗ, ಅಂದರೆ ಒಳತುದಿಯಿಂದ ಸುಮಾರು 1.4 ಮೀಟರಿನಿಂದ 2.4 ಮೀಟರ್‌ವರೆಗೆ. ಅಲ್ಲಿ ಅಂಚಿನ ಕೊನೆಯ ಅರ್ಧ ಇಂಚು ಉಜ್ಜಿ, ಜರಿಯ ಒಳಗಿನ ರೇಷ್ಮೆ ಎಳೆ ಅಲ್ಲಲ್ಲಿ ಕಾಣುತ್ತದೆ. ಬೆಳ್ಳಿ ತಂತಿಯನ್ನು ಚಪ್ಪಟೆ ಮಾಡಿ ರೇಷ್ಮೆ ಎಳೆಗೆ ಸುತ್ತಿರುತ್ತಾರಲ್ಲ, ಆ ಸುತ್ತು ಸವೆದಿದೆ, ಅಷ್ಟೆ. ಕಿತ್ತು ಬಂದಿಲ್ಲ. ಅದೇ ಭಾಗದಲ್ಲಿ ಕಾಲುಂಗುರಕ್ಕೆ ಸಿಕ್ಕಿ ಎದ್ದ ಎಳೆಗಳು ಮೂರು. ನಾನು ಸೂಜಿಯಲ್ಲಿ ಹಿಂದಕ್ಕೆ ಎಳೆದುಕೊಂಡಿದ್ದೇನೆ, ಕತ್ತರಿಸಿಲ್ಲ. ನೀವೂ ಕತ್ತರಿಸಬೇಡಿ, ಜರಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಇನ್ನೊಂದು ತೊಂದರೆ ಮಡಿಕೆಯದು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಿದ್ದರಿಂದ ಸೆರಗಿನ ಪಟ್ಟೆಯ ಮೇಲೆ ಎರಡು ಗೆರೆ ಬಿದ್ದಿವೆ. ಆ ಗೆರೆಯಲ್ಲಿ ಹೊನ್ನು ಹೋಗಿ ಬೆಳ್ಳಿ ಬಿಳಿ ಕಾಣುತ್ತದೆ. ಮುರಿದಿಲ್ಲ, ಕೈ ಆಡಿಸಿದರೆ ಚುಚ್ಚುವುದಿಲ್ಲ. ಕಳೆದ ವರ್ಷದಿಂದ ಮಡಿಕೆ ಬದಲಿಸಿ ಬಿಳಿ ಪಂಚೆಯಲ್ಲಿ ಸುತ್ತಿ ಇಟ್ಟಿದ್ದೇನೆ, ಗೆರೆ ಹೆಚ್ಚಾಗಿಲ್ಲ. 6ನೇ ಫೋಟೊ ಹತ್ತಿರದಿಂದ ತೆಗೆದದ್ದು, ಅದರಲ್ಲಿ ಕಂಡದ್ದಕ್ಕಿಂತ ಕೆಟ್ಟದ್ದು ಸೀರೆಯಲ್ಲಿ ಬೇರೆಲ್ಲೂ ಇಲ್ಲ.

ಎಲ್ಲೆಲ್ಲಿ ಏನಾಗಿದೆ, ಉಟ್ಟಾಗ ಅದು ಎಲ್ಲಿ ಬರುತ್ತದೆ

ಮಡಿಸಿಟ್ಟ ಸೀರೆಯ ಮೇಲೆ ಕಲೆ ಹುಡುಕಿ ಪ್ರಯೋಜನ ಇಲ್ಲ, ಉಟ್ಟ ಮೇಲೆ ಅದು ಹೊರಗೆ ಬರುತ್ತದೋ ಒಳಗೆ ಹೋಗುತ್ತದೋ ಎನ್ನುವುದು ಮುಖ್ಯ. ನನ್ನ ಎತ್ತರ 5 ಅಡಿ 3 ಇಂಚು. ಮಾಮೂಲಿ ರೀತಿ, ಸೆರಗು ಎಡ ಭುಜದ ಮೇಲೆ ಹಾಕಿ, ಉಟ್ಟು ನೋಡಿ ಗುರುತು ಮಾಡಿದ್ದೇನೆ. ಅಳತೆ ಎಲ್ಲ ಒಳತುದಿಯಿಂದ, ಅಂದರೆ ಸೊಂಟಕ್ಕೆ ಮೊದಲು ಸಿಕ್ಕಿಸುವ ತುದಿಯಿಂದ.

ಸುಮಾರು 20ರಿಂದ 90 ಸೆಂ.ಮೀ. ನಡುವೆ, ಸೊಂಟದ ಜಾಗದಲ್ಲಿ, ಬೆವರಿಗೆ ಬಣ್ಣ ಒಂದು ಛಾಯೆ ಇಳಿದಿದೆ. ಉಟ್ಟಾಗ ಇದರ ಮೇಲೆ ಎರಡನೇ ಸುತ್ತು ಬರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಬಟ್ಟೆ ಗಟ್ಟಿ ಇದೆ, ಎಳೆದು ನೋಡಿದ್ದೇನೆ.

3.1 ಮೀಟರ್ ಹತ್ತಿರ, ಕೆಳಗಿನಿಂದ 45 ಸೆಂ.ಮೀ. ಮೇಲೆ, ಕುರ್ಚಿಯ ಮೊಳೆಗೆ ಸಿಕ್ಕಿ ಎಳೆ ಎಳೆದಿದೆ. ಎರಡು ಸೆಂಟಿಮೀಟರ್ ಉದ್ದದ ಗೆರೆ. ತೂತಾಗಿಲ್ಲ. ಇದು ಹಿಂದೆ, ಮೊಣಕಾಲಿನ ಹಿಂಬದಿಗೆ ಬರುತ್ತದೆ. ಮುಚ್ಚಿಡುವುದು ಏನೂ ಇಲ್ಲ: ಇದು ಹೊರಗೇ ಇರುತ್ತದೆ. ಹತ್ತಿರ ಬಂದು ಬಗ್ಗಿ ನೋಡಿದವರಿಗೆ ಕಾಣುತ್ತದೆ. ರಫೂ ಮಾಡಿಸಬೇಕೆಂದು ಹೋಗಿದ್ದೆ. ಕ್ರೇಪ್‌ಗೆ ಸೂಜಿ ಹಾಕಿದರೆ ಇದಕ್ಕಿಂತ ಎದ್ದು ಕಾಣುತ್ತದೆ ಎಂದು ರಫೂ ಮಾಡುವವರೇ ಹೇಳಿ ಕಳಿಸಿದರು.

4.2ರಿಂದ 4.4 ಮೀಟರ್ ನಡುವೆ, ಮೇಲಂಚಿನ ಕೆಳಗೆ, ಭುಜದ ಪಿನ್ ಹಾಕಿ ಹಾಕಿ ಎಳೆಗಳು ಸರಿದು ಸಣ್ಣ ಸಣ್ಣ ಕಿಂಡಿಯಾಗಿವೆ. ಸೆರಗನ್ನು ನೆರಿಗೆ ಹಿಡಿದು ಪಿನ್ ಮಾಡುವವರಿಗೆ ಇದು ಮಡಿಕೆಯೊಳಗೆ ಹೋಗುತ್ತದೆ. ಸೆರಗನ್ನು ಒಂಟಿಯಾಗಿ ಇಳಿಬಿಡುವವರಿಗೆ ಭುಜದ ಮೇಲೆ ಕಾಣುತ್ತದೆ. ಪಿನ್ ಕೆಳಗೆ ಒಂದು ಚೂರು ಬಟ್ಟೆ ಇಟ್ಟು ಹಾಕಿದರೆ ಇನ್ನಷ್ಟು ಸರಿಯುವುದಿಲ್ಲ.

ಸೆರಗಿನ ತುದಿಯಿಂದ 30 ಸೆಂ.ಮೀ. ಒಳಗೆ ಹೋಳಿಗೆ ತುಪ್ಪದ ಒಂದು ಕಲೆ, ಒಂದು ರೂಪಾಯಿ ನಾಣ್ಯದಷ್ಟು. ಡ್ರೈವಾಶ್‌ಗೆ ಮುಕ್ಕಾಲು ಹೋಯಿತು, ಉಳಿದದ್ದು ಓರೆ ಬೆಳಕಲ್ಲಿ ಮಾತ್ರ ತಿಳಿಯುತ್ತದೆ. ಫೋಟೊದಲ್ಲಿ ಬೇಕಂತಲೇ ಕಿಟಕಿಗೆ ಓರೆಯಾಗಿ ಹಿಡಿದು ತೆಗೆದಿದ್ದೇನೆ.

ಕೊಡವ ರೀತಿ ಉಡುವವರಿಗೆ ಈ ಲೆಕ್ಕ ಪೂರಾ ಬದಲಾಗುತ್ತದೆ. ನೆರಿಗೆ ಹಿಂದೆ ಹೋಗಿ ಸೆರಗು ಬಲ ಭುಜಕ್ಕೆ ಬರುವುದರಿಂದ ತುಪ್ಪದ ಕಲೆ ಎದುರಿಗೆ ಬರಬಹುದು. ಸೆರಗು ಮುಂದೆ ಬಿಟ್ಟು ಗುಜರಾತಿ ಥರ ಉಡುವವರಿಗೂ ಅಷ್ಟೆ. ಅಂಥವರು ಕೇಳಿದರೆ ಹಾಗೆ ಉಟ್ಟ ಫೋಟೊ ಕಳಿಸುತ್ತೇನೆ.

ಫಾಲ್

ಮೊದಲು ಹಾಕಿಸಿದ್ದ ಕಾಟನ್ ಫಾಲ್ ಕುಗ್ಗಿ ಅಂಚನ್ನು ಎಳೆದು ಸುಕ್ಕು ಮಾಡಿತ್ತು. ಅದನ್ನು ಬಿಚ್ಚಿ, ಹೊಸ ಫಾಲ್ ನೀರಿಗೆ ಹಾಕಿ ಒಣಗಿಸಿ, ಇಸ್ತ್ರಿ ಮಾಡಿಯೇ ಹಾಕಿಸಿದ್ದೇನೆ. ಬಣ್ಣ ನೇರಳೆಯೇ, ಒಂದು ಛಾಯೆ ಗಾಢ. ಕೈ ಹೊಲಿಗೆ, ಮಿಶಿನ್ ಹಾಕಿಸಿಲ್ಲ. ಹಳೆಯ ಹೊಲಿಗೆಯ ತೂತಿನ ಸಾಲು ಹಿಂಬದಿಯಿಂದ ನೋಡಿದರೆ ಇನ್ನೂ ತಿಳಿಯುತ್ತದೆ. ಎರಡೂ ತುದಿಗೆ ಪಿಕೋ ಆಗಿದೆ.

ಬ್ಲೌಸ್ ಪೀಸ್

ಇದು ಮುಟ್ಟಿಲ್ಲ. ಅತ್ತೆ ಕಪ್ಪು ಬ್ಲೌಸ್ ಹಾಕಿಕೊಂಡೇ ಉಡುತ್ತಿದ್ದರು, ಪೀಸ್ ಕತ್ತರಿಸಿ ಎತ್ತಿಟ್ಟದ್ದು ಹಾಗೇ ಉಳಿದಿದೆ. 78 ಸೆಂ.ಮೀ., ಎರಡೂ ಕಡೆ ಅಂಚಿದೆ, ತೋಳಿಗೆ ಅಂಚು ಬರುವ ಹಾಗೆ ಕತ್ತರಿಸಬಹುದು. 38ರ ಅಳತೆಗೆ ಗಿಡ್ಡ ತೋಳು ಸಾಕು ಎನ್ನುತ್ತಾರೆ ನಮ್ಮ ಟೈಲರ್. ಮೊಣಕೈವರೆಗೆ ಬೇಕೆಂದರೆ ನಿಮ್ಮ ಟೈಲರ್ ಹತ್ತಿರ ಕೇಳಿ. ಲೈನಿಂಗ್ ಹಾಕಿಸದೆ ಹೊಲಿಸಬೇಡಿ, ಕ್ರೇಪ್ ಹೊಲಿಗೆಯ ಹತ್ತಿರ ಬಿಟ್ಟುಕೊಳ್ಳುತ್ತದೆ.

ಒಂದು ಮಾತು. ಬೆಳಕು ಕಾಣದೆ ಇದ್ದದ್ದರಿಂದ ಪೀಸ್ ಸೀರೆಗಿಂತ ಸ್ವಲ್ಪ ಗಾಢವಾಗಿದೆ. ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ, ಮೈಮೇಲೆ ಗೊತ್ತಾಗುವುದಿಲ್ಲ. ಅತ್ತೆಯ ಕಪ್ಪು ಬ್ಲೌಸ್ ಕೊಡುವುದಿಲ್ಲ, ಅದನ್ನು ಅವರು ಇನ್ನೂ ಹಾಕಿಕೊಳ್ಳುತ್ತಾರೆ.

ಉಟ್ಟಾಗ ಹೇಗಿರುತ್ತದೆ

ಕಾಂಚೀಪುರಂ ಥರ ಮೈಮೇಲೆ ನಿಲ್ಲುವ ಸೀರೆ ಅಲ್ಲ ಇದು, ಮೈ ಹಿಡಿದು ಇಳಿಬೀಳುವ ಸೀರೆ. ಹೆಚ್ಚು ಹುರಿ ಹಾಕಿದ ನೂಲಿನದು, ಜೊತೆಗೆ ಈಗ ಉಟ್ಟು ಉಟ್ಟು ಇನ್ನೂ ಮೆತ್ತಗಾಗಿದೆ. ನನಗೆ ಮುಂದೆ ಏಳು ನೆರಿಗೆ ಬಂತು, ಸೆರಗು ಹಿಂದೆ ಮೊಣಕಾಲು ದಾಟಿತು. 5 ಅಡಿ 7 ಇಂಚಿಗಿಂತ ಎತ್ತರದವರಿಗೆ ಅಗಲ ಸ್ವಲ್ಪ ಕಡಿಮೆ ಬೀಳಬಹುದು. ಕಚ್ಚೆ ಹಾಕಿ ಉಡಲು ಉದ್ದ ಸಾಲದು.

ನೆರಿಗೆ ಜಾರುತ್ತದೆ, ಒಳಲಂಗ ಸ್ಯಾಟಿನ್ ಆಗಿದ್ದರೆ ಇನ್ನೂ ಜಾರುತ್ತದೆ. ಕಾಟನ್ ಲಂಗವೇ ಸರಿ. ಮೈಗೆ ಅಂಟುವ ಬಟ್ಟೆಯಾದ್ದರಿಂದ ಒಳಲಂಗದ ಲಾಡಿ ಗಂಟೂ ಎದ್ದು ಕಾಣುತ್ತದೆ, ಪಕ್ಕಕ್ಕೆ ಕಟ್ಟಿಕೊಳ್ಳಿ.

ಬಣ್ಣದ ವಿಷಯ: ಮೊಬೈಲ್ ಕ್ಯಾಮೆರಾ ನೇರಳೆಯನ್ನು ನೀಲಿಗೆ ಎಳೆಯುತ್ತದೆ. 1ನೇ ಫೋಟೊ ನಂಬಬೇಡಿ, 4ನೇದು ಬೆಳಗ್ಗೆ ವರಾಂಡದಲ್ಲಿ ತೆಗೆದದ್ದು, ಅದು ಹೆಚ್ಚು ಕಡಿಮೆ ಸರಿ.

ಒಗೆತ, ವಾಸನೆ

ಡ್ರೈವಾಶ್ ಮಾತ್ರ. ನೀರು ಬಿದ್ದರೆ ಕ್ರೇಪ್ ಸೆಳೆದುಕೊಂಡು ಚಿಕ್ಕದಾಗುತ್ತದೆ, ಪನ್ನೀರು ಚಿಮುಕಿಸಿದರೂ ಚುಕ್ಕಿ ಏಳುತ್ತದೆ. ಕೊನೆಯ ಡ್ರೈವಾಶ್ ಕಳೆದ ತಿಂಗಳು. ನುಸಿಗುಳಿಗೆ ಹಾಕಿಲ್ಲ, ಬೀರುವಿನಲ್ಲಿ ಲಾವಂಚದ ಬೇರು ಇಡುತ್ತೇವೆ, ಅದರ ವಾಸನೆ ತೆಳುವಾಗಿ ಇದೆ. ಮನೆಯಲ್ಲಿ ನಾಯಿ, ಬೆಕ್ಕು ಇಲ್ಲ.

ಬೆಲೆ, ಕೊಡುವುದು

7,500 ರೂಪಾಯಿ. ಹೊಸದಕ್ಕೆ ಈಗ ಬೆಳಗಿನ ಜಾವ ಮಳಿಗೆ ಮುಂದೆ ಸಾಲು ನಿಂತು ಟೋಕನ್ ತೆಗೆದುಕೊಳ್ಳುವ ಕಾಲ, ಬೆಲೆ ಎಷ್ಟಾಗಿದೆ ಎಂದು ನಿಮಗೇ ಗೊತ್ತು. ಮೇಲೆ ಬರೆದ ಕಲೆ, ಸವೆತ ಎಲ್ಲ ಲೆಕ್ಕ ಹಾಕಿಯೇ ಈ ಬೆಲೆ ಇಟ್ಟಿದ್ದೇನೆ, ಅವನ್ನೇ ತೋರಿಸಿ ಮತ್ತೆ ಇಳಿಸಿ ಎಂದರೆ ಆಗುವುದಿಲ್ಲ. ನಾನು ಬರೆಯದ ದೋಷ ಏನಾದರೂ ಸಿಕ್ಕಿದರೆ, ಸೀರೆ ಕೈಸೇರಿದ ಮೂರು ದಿನದೊಳಗೆ ಫೋಟೊ ಕಳಿಸಿ, ಉಡದೆ, ಫಾಲ್ ಬಿಚ್ಚದೆ ವಾಪಸು ಮಾಡಿ. ಪೂರ್ತಿ ಹಣ, ಎರಡೂ ಕಡೆಯ ಅಂಚೆ ಖರ್ಚು ನನ್ನದು. "ಬಣ್ಣ ಒಪ್ಪಲಿಲ್ಲ" ಎಂದು ವಾಪಸು ಇಲ್ಲ. ಅದಕ್ಕೆ ಮೊದಲೇ ಹಗಲು ಹೊತ್ತು ವಿಡಿಯೊ ಕರೆಯಲ್ಲಿ ತೋರಿಸುತ್ತೇನೆ, ಎಷ್ಟು ಹೊತ್ತಾದರೂ ಸರಿ.

ಮೈಸೂರಿನವರು ಮನೆಗೇ ಬಂದು ಬಿಡಿಸಿ ನೋಡಬಹುದು, ಸಂಜೆ ಐದರೊಳಗೆ ಬನ್ನಿ, ಟ್ಯೂಬ್‌ಲೈಟಿನಲ್ಲಿ ನೇರಳೆ ಸರಿಯಾಗಿ ತಿಳಿಯುವುದಿಲ್ಲ. ಬೇರೆ ಊರಿಗೆ ಸ್ಪೀಡ್ ಪೋಸ್ಟಿನಲ್ಲಿ ವಿಮೆ ಮಾಡಿಸಿ ಕಳಿಸುತ್ತೇನೆ, ಖರ್ಚು ಕೊಳ್ಳುವವರದು. ಹಣ ಯುಪಿಐ ಮೂಲಕ. ಮುಂಗಡ 500 ಕೊಟ್ಟವರಿಗೆ ಎರಡು ದಿನ ಹಿಡಿದಿಡುತ್ತೇನೆ. ಬೇರೆ ಸೀರೆಗೆ ಬದಲಾಯಿಸಿಕೊಳ್ಳುವುದಿಲ್ಲ.

ಮಾರಾಟವಾದ ಕೂಡಲೇ ಈ ಜಾಹೀರಾತು ತೆಗೆಯುತ್ತೇನೆ. ಹಾಗಾಗಿ "ಇನ್ನೂ ಇದೆಯಾ" ಎಂದು ಕೇಳಬೇಕಾಗಿಲ್ಲ. ನಿಮ್ಮ ಊರು, ಎತ್ತರ, ಸೀರೆ ಉಡುವ ರೀತಿ ಬರೆದು ಇಲ್ಲೇ ಸಂದೇಶ ಕಳಿಸಿ.