ಮಶಿನ್ ಯಾಕ ನಿಂತೈತಿ

ಭೋಸರಿ ಎಂಐಡಿಸಿಯ ಆ ಕಾರ್ಖಾನೆಯಲ್ಲಿ ಸಿದ್ದಪ್ಪನನ್ನು ಎಲ್ಲರೂ ‘ಸಾಹೇಬ್’ ಅನ್ನುತ್ತಿದ್ದರು. ಇಂಡಿ ತಾಲ್ಲೂಕಿನಿಂದ ಐಟಿಐ ಫಿಟರ್ ಸರ್ಟಿಫಿಕೇಟು ಹಿಡಿದು ಪುಣೆಗೆ ಬಂದವನು ಪ್ರೆಸ್ ಶಾಪಿನಲ್ಲಿ ಹೆಲ್ಪರ್ ಆಗಿ ಸೇರಿ, ಆಪರೇಟರ್ ಆಗಿ, ಕೊನೆಗೆ ಸೂಪರ್‌ವೈಸರ್ ಆಗಿದ್ದ. ಪಾನಾ ಹಿಡಿಯುತ್ತಿದ್ದ ಕೈಗೆ ಪೆನ್ನು ಬಂದಿತ್ತು. ತಾಸಿಗೆ ಎಷ್ಟು ಪೀಸ್, ರಿಜೆಕ್ಷನ್ ಎಷ್ಟು, ಮಶಿನ್ ಎಷ್ಟು ಹೊತ್ತು ನಿಂತಿತು, ಇಷ್ಟೇ ಅವನ ಪ್ರಪಂಚ.

ಕಾರ್ಖಾನೆ ಡೀಸೆಲ್ ಎಂಜಿನ್ನಿನ ಬ್ರಾಕೆಟ್ ಮಾಡುತ್ತಿತ್ತು. 2020ರ ಏಪ್ರಿಲ್‌ನಿಂದ ವಾಹನದ ಹೊಗೆಗೆ ಬಿಎಸ್-6 ನಿಯಮ ಕಡ್ಡಾಯವಾಯಿತು. ಸಣ್ಣ ಡೀಸೆಲ್ ಎಂಜಿನ್ನನ್ನು ಆ ಮಟ್ಟಕ್ಕೆ ತರುವ ಖರ್ಚು ಸಣ್ಣ ಕಾರಿನ ಬೆಲೆಗೆ ಹೊಂದದೆ, ಕಂಪನಿಗಳು ಒಂದೊಂದೇ ಅಂಥ ಮಾಡೆಲ್ ಕೈಬಿಟ್ಟವು. ಆರ್ಡರ್ ಒಮ್ಮೆಗೇ ನಿಲ್ಲಲಿಲ್ಲ. ಮೂರು ಶಿಫ್ಟು ಎರಡಾಯಿತು, ಎರಡು ಒಂದಾಯಿತು. 2022ರ ದೀಪಾವಳಿ ಮುಗಿದ ಮೇಲೆ ಎಚ್‌ಆರ್ ಕರೆದು ರಾಜೀನಾಮೆ ಬರೆಸಿಕೊಂಡರು. ಕೆಲಸದಿಂದ ತೆಗೆದರೆ ಸಿಗುವ ಛಾಟಣಿ ಪರಿಹಾರ ‘ಕಾಮಗಾರ’ರಿಗೆ, ತಿಂಗಳಿಗೆ 10,000 ದಾಟಿದ ಸೂಪರ್‌ವೈಸರ್ ಆಗಿನ ಕಾನೂನಿನಲ್ಲಿ ಕಾಮಗಾರನಲ್ಲ. ಅಷ್ಟು ವರ್ಷ ಹೆಮ್ಮೆಯಿಂದ ಹೊತ್ತ ಪದವಿ ಅವತ್ತು ತಿರುಗಿ ಕಚ್ಚಿತು. ಗ್ರಾಚ್ಯುಟಿ ಮಾತ್ರ ಸರಿಯಾಗಿ ಬಂತು: ಮೂಲ ಪಗಾರ 26,000, ವರ್ಷಕ್ಕೆ ಹದಿನೈದು ದಿನದ ಲೆಕ್ಕ, ಹದಿನಾರು ವರ್ಷಕ್ಕೆ 2,40,000.

ಆಮೇಲಿನ ಅಲೆದಾಟ ಹೇಳುವಂಥದ್ದೇನಿಲ್ಲ. ಚಾಕಣದಿಂದ ತಳವಡೆಯವರೆಗೆ ಎಲ್ಲರೂ ಡಿಪ್ಲೊಮಾ ಕೇಳಿದರು, ಇಲ್ಲವೆ ವಯಸ್ಸು ಕೇಳಿದರು.

ಹೆಂಡತಿ ಶಾಂತವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ನಮ್ಮ ಕಡೆಯ ಹುಡುಗರು ರೂಮು ಮಾಡಿಕೊಂಡಿರುವ ಓಣಿಗಳಲ್ಲಿ ಅದಕ್ಕೆ ಗಿರಾಕಿ ತಪ್ಪುವುದಿಲ್ಲ. ಒಂದು ಸಂಜೆ ಹಳೇ ಕಾರ್ಖಾನೆಯ ಮೇಂಟೆನೆನ್ಸ್ ಫಿಟರ್ ರೊಟ್ಟಿ ಒಯ್ಯಲು ಬಂದ. ಸಾತಾರಾ ಕಡೆಯವನು, ಎಲ್ಲರ ಬಾಯಲ್ಲಿ ‘ದಾದಾ’. ಮಶಿನ್ ನಿಂತಾಗಲೆಲ್ಲ ಸಿದ್ದಪ್ಪ ಗಡಿಯಾರ ತೋರಿಸಿ ಬೈಯುತ್ತಿದ್ದದ್ದು ಇವನಿಗೇ. ದಾದಾನನ್ನೂ ತೆಗೆದಿದ್ದರು, ಆದರೆ ಅವನು ಎರಡೇ ವಾರದಲ್ಲಿ ಬೇರೆ ಕಡೆ ಹತ್ತಿದ್ದ. ಸಂಜೆ ನಡೆಯುವ ಆರು ತಿಂಗಳ ಮೇಂಟೆನೆನ್ಸ್ ಕೋರ್ಸಿನ ಚೀಟಿ ಕೊಟ್ಟು, ‘ಸಾಹೇಬ್, ಮಾಲು ಹೊರಡಿಸುವವರು ಬೇಕಾದಷ್ಟು ಸಿಗ್ತಾರೆ. ನಿಂತಿದ್ದನ್ನ ನಡೆಸುವವರು ಸಿಗೋದಿಲ್ಲ’ ಎಂದ.

ಸಿದ್ದಪ್ಪ ಚೀಟಿ ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ. ನಲವತ್ತನಾಲ್ಕನೇ ವಯಸ್ಸಿಗೆ ಹುಡುಗರ ಜೊತೆ ಬೆಂಚಿಗೆ ಕೂಡುವುದೆ?

‘ಮಶಿನ್ ನಿಲ್ಲೂದನ್ನ ಹದಿನಾರು ವರ್ಷ ಬರಕೊಂಡೀರಿ,’ ಅಂದಳು ಶಾಂತವ್ವ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ. ‘ಯಾಕ ನಿಂತೈತಿ ಅಂತ ಒಮ್ಮೆರೆ ಕೇಳೀರೇನ್ರೀ?’

ಕೋರ್ಸಿನಲ್ಲಿ ಕಲಿಸುತ್ತಿದ್ದ ಮೇಡಂ ಅವನಿಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ವಾರ ಪಾನಾ ಮುಟ್ಟಿಸಲೇ ಇಲ್ಲ. ಐಸೋಲೇಟರ್ ಆಫ್ ಮಾಡು, ನಿನ್ನ ಬೀಗ ಹಾಕು, ಕೀಲಿ ನಿನ್ನ ಕಿಸೆಯಲ್ಲೇ ಇರಲಿ, ಮೀಟರ್ ಹಿಡಿದು ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೋ. ಮತ್ತೆ ಮತ್ತೆ ಅದೇ. ಬೇಸರಪಟ್ಟ ಹುಡುಗರ ನಡುವೆ ಸಿದ್ದಪ್ಪನಿಗೆ ಮಾತ್ರ ಬೇಸರ ಬರಲಿಲ್ಲ. ಹಳೇ ಕಾರ್ಖಾನೆಯಲ್ಲಿ ಪ್ರೆಸ್ಸಿನೊಳಗೆ ಕೈಹಾಕಿದ್ದ ಮನುಷ್ಯನನ್ನು ಮರೆತು ಯಾರೋ ಸ್ವಿಚ್ಚು ಒತ್ತಿದ್ದನ್ನು ಅವನು ನೋಡಿದ್ದ.

ಮುಂದೆ ಬೇರಿಂಗು ಬಂತು. 6308 ಅಂದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸು, ಒಳಗಿನ ತೂತು 40 ಮಿಲಿಮೀಟರ್. ಇಷ್ಟು ಸರಳ ಲೆಕ್ಕ ಗೊತ್ತಿಲ್ಲದೆ ಎಷ್ಟೊಂದು ಇಂಡೆಂಟಿಗೆ ಸಹಿ ಮಾಡಿದ್ದನೋ! ಸುತ್ತಿಗೆಯಿಂದ ಬಡಿದು ಕೂರಿಸಿದ ಬೇರಿಂಗಿನ ಗುಂಡುಗಳು ಓಟದ ದಾರಿಯಲ್ಲಿ ಕುಳಿ ಬೀಳಿಸುತ್ತವೆ, ಹೊಸದಾಗಿಯೇ ಅದರ ಆಯುಷ್ಯ ಮುಗಿದಿರುತ್ತದೆ. ಹೀಟರಿನಲ್ಲಿ 110 ಡಿಗ್ರಿಗೆ ಕಾಯಿಸಿದರೆ ಅದೇ ಬೇರಿಂಗು ಶಾಫ್ಟಿನ ಮೇಲೆ ತಾನಾಗಿ ಜಾರುತ್ತದೆ. ‘ಬೇಗ ಬೇಗ’ ಎಂದು ತಾನು ಅವಸರಿಸಿದಾಗ ದಾದಾ ಯಾಕೆ ಮುಖ ಸಿಂಡರಿಸುತ್ತಿದ್ದ ಎಂಬುದು ಅಲ್ಲಿ ತಿಳಿಯಿತು.

ಕರೆಂಟಿನ ಪಾಠ ಕಠಿಣವಾಯಿತು. ಮೋಟಾರಿಗೆ ಕರೆಂಟು ಜೋಡಿಸಿ ಕಡಿಯುವ ಕಾಂಟ್ಯಾಕ್ಟರ್, ರಿಲೇ, ಮಶಿನ್ ನಡೆಸುವ ಕಂಪ್ಯೂಟರಾದ ಪಿಎಲ್‌ಸಿಯ 24 ವೋಲ್ಟಿನ ಸೆನ್ಸರ್ ಸಾಲು. ಡ್ರಾಯಿಂಗು ಓದುವುದರಲ್ಲಿ ಹತ್ತೊಂಬತ್ತರ ಹುಡುಗರು ಅವನನ್ನು ಹಿಂದೆ ಹಾಕಿದರು. ರಾತ್ರಿ ಮಗಳು ಹೈಸ್ಕೂಲಿನ ಪುಸ್ತಕ ಬಿಚ್ಚಿದಾಗ ಅವನೂ ಪಕ್ಕದಲ್ಲಿ ಡ್ರಾಯಿಂಗು ಬಿಡಿಸುತ್ತಿದ್ದ. ಅವಳಿಗೆ ನಗು.

ಕೋರ್ಸು ಮುಗಿದ ತಿಂಗಳಿನಲ್ಲೇ ದಾದಾ ಕುದಳವಾಡಿಯ ಒಂದು ಸಣ್ಣ ವರ್ಕ್‌ಶಾಪಿಗೆ ಕಳಿಸಿದ. ನೂರು ಟನ್ನಿನ ಪ್ರೆಸ್ಸು, ಏಳೂವರೆ ಎಚ್‌ಪಿ ಮೋಟಾರು, ದಿನಾ ಓವರ್‌ಲೋಡ್ ಟ್ರಿಪ್ಪು. ರಿಲೇ ಬದಲಿಸಿಯಾಗಿತ್ತು. ಮೋಟಾರು ಬಿಚ್ಚಿ ಹೊಸದಾಗಿ ವೈಂಡಿಂಗ್ ಮಾಡಿಸಿಯೂ ಆಗಿತ್ತು.

ಸಿದ್ದಪ್ಪ ಮೊದಲು ಕೇಳಿದ್ದು ಪ್ರೊಡಕ್ಷನ್ ರಜಿಸ್ಟರು.

‘ಅದ್ಯಾಕೆ? ನೀವು ರಿಪೇರಿಯವರಲ್ಲವೇ?’ ಎಂದ ಮಾಲಕ ಮರಾಠಿಯಲ್ಲಿ.

ಇವನು ಉತ್ತರಿಸದೆ ಪುಟ ತಿರುವಿದ. ತಾಸುವಾರು ಪೀಸಿನ ಲೆಕ್ಕ ಎಲ್ಲಿ ಕುಸಿದಿದೆಯೋ ಅಲ್ಲಿ ಮಶಿನ್ ನಿಂತಿದೆ; ಅದನ್ನು ಓದುವುದು ಯಾವ ಕೋರ್ಸಿನಲ್ಲೂ ಕಲಿಸಿದ್ದಲ್ಲ. ಬೆಳಿಗ್ಗೆ ಶುರುವಾದ ಮೊದಲ ತಾಸಿನಲ್ಲಿ ಒಂದು ದಿನವೂ ನಿಂತಿರಲಿಲ್ಲ. ಎರಡನೇ ತಾಸು ದಾಟಿದ ಮೇಲೆ ನಿಂತಿತ್ತು. ಊಟದ ಬಿಡುವಾದ ಮೇಲೆ ಮತ್ತೆ ಒಂದು ತಾಸು ಚೆನ್ನಾಗಿ ಓಡಿತ್ತು. ದಪ್ಪ ತಗಡಿರಲಿ ತೆಳ್ಳಗಿನದಿರಲಿ, ಅದೇ ಕತೆ. ಹಾಗಾದರೆ ಇದು ಭಾರದ ಮಾತಲ್ಲ, ಎಲ್ಲೋ ಏನೋ ನಿಧಾನಕ್ಕೆ ಕಾಯುತ್ತಿದೆ.

ಎರಡು ತಾಸು ಓಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದ. ಎರಡು ಫೇಸಿನಲ್ಲಿ 11.8 ಮತ್ತು 11.4 ಆಂಪಿಯರ್, ಮೂರನೆಯದರಲ್ಲಿ 8.9. ರಿಲೇ 11 ದಾಟಿದರೆ ಮೋಟಾರು ನಿಲ್ಲಿಸುವಂತೆ ಕಟ್ಟಿತ್ತು. ಅದರದ್ದೇನೂ ತಪ್ಪಿಲ್ಲ, ತನ್ನ ಕೆಲಸ ತಾನು ಮಾಡುತ್ತಿತ್ತು. ರಬ್ಬರ್ ಕೈಗವಸು ತೊಟ್ಟು ಕಾಂಟ್ಯಾಕ್ಟರಿನ ಒಂದೊಂದು ಪೋಲಿನ ಮೇಲೆ–ಕೆಳಗೆ ಮೀಟರಿನ ಪ್ರೋಬು ಇಟ್ಟ. ಎರಡರಲ್ಲಿ ವೋಲ್ಟಿನ ಲೆಕ್ಕಕ್ಕೂ ಬರದಷ್ಟು ಇಳಿತ. ಮೂರನೆಯದರಲ್ಲಿ ಐದು ವೋಲ್ಟು! ಮುಚ್ಚಿದ ಸಂಪರ್ಕದಲ್ಲಿ ಐದು ವೋಲ್ಟು ಕಳೆದುಹೋದರೆ ಅದೆಲ್ಲ ಅಲ್ಲೇ ಬಿಸಿಯಾಗಿ ಸುಡುತ್ತದೆ, ಮತ್ತು ವೋಲ್ಟೇಜಿನ ಸಣ್ಣ ಏರುಪೇರು ಮೋಟಾರಿನ ಕರೆಂಟಿನಲ್ಲಿ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಐಸೋಲೇಟರಿಗೆ ಬೀಗ ಹಾಕಿ, ಮೀಟರ್ ಹಿಡಿದು ಖಾತ್ರಿ ಮಾಡಿಕೊಂಡು, ಮೇಲಿನ ಕವರು ಬಿಚ್ಚಿದ. ಮೂರನೇ ಜೋಡಿಯ ಸಂಪರ್ಕ ಬಿಂದು ಕಪ್ಪಾಗಿ ಕುಳಿಬಿದ್ದಿತ್ತು. ಹೊರಗಿನಿಂದ ಹೊಸದರಂತಿದ್ದ ಪೆಟ್ಟಿಗೆಯ ಒಳಗನ್ನು ಯಾರೂ ನೋಡಿರಲಿಲ್ಲ. ಕಾಂಟ್ಯಾಕ್ಟರ್ ಬದಲಾಯಿತು, ಮೂರೂ ಫೇಸು ಒಂಬತ್ತೂವರೆಯ ಆಸುಪಾಸಿಗೆ ಬಂದವು. ಸಂಜೆಯವರೆಗೆ ಕೂತು ನೋಡಿದ. ಪ್ರೆಸ್ಸು ನಿಲ್ಲಲಿಲ್ಲ.

‘ಎಷ್ಟು ಕೊಡಲಿ?’ ಮಾಲಕ ಕೇಳಿದ.

‘ಇವತ್ತಿನದು ಎಂಟುನೂರು. ಆದರೆ ನನಗೆ ತಿಂಗಳಿಗೊಂದು ಭಾನುವಾರ ಎಲ್ಲ ಮಶಿನ್ ಅರ್ಧ ದಿನ ನಿಲ್ಲಿಸಿ ಕೊಡಿ.’

‘ಚೆನ್ನಾಗಿ ಓಡೋದನ್ನ ನಿಲ್ಲಿಸೋದೆ? ಭಾನುವಾರ ಓವರ್‌ಟೈಮ್ ಇರುತ್ತೆ.’

ಇದೇ ಮಾತನ್ನು ತಾನು ದಾದಾನಿಗೆ ಎಷ್ಟು ಸಲ ಹೇಳಿರಲಿಲ್ಲ. ಆದ್ದರಿಂದಲೇ ಎದುರು ಮಾತಿನ ದಾರಿ ಅವನಿಗೆ ಗೊತ್ತಿತ್ತು. ರಜಿಸ್ಟರು ತೆರೆದು, ಆ ತಿಂಗಳು ಟ್ರಿಪ್ಪಿನಿಂದ ಕುಸಿದ ತಾಸುಗಳನ್ನೆಲ್ಲ ಕೂಡಿಸಿ, ಪೀಸಿಗೆ ಪರಿವರ್ತಿಸಿ, ವೈಂಡಿಂಗಿನ ಬಿಲ್ಲು ಸೇರಿಸಿ, ಕಾಗದದ ಕೆಳಗೊಂದು ಗೆರೆ ಎಳೆದು ಮುಂದಿಟ್ಟ. ಮಾಲಕ ಬಹಳ ಹೊತ್ತು ಅದನ್ನೇ ನೋಡಿದ.

‘ಎರಡು ತಾಸು ಕೊಡ್ತೀನಿ.’

‘ಮೂರು.’

‘ಆಯ್ತು, ಮೂರು. ಆದರೆ ಮೂಲೆಯ ಆ ಲೇತ್ ಮುಟ್ಟಬೇಡಿ. ಅದಕ್ಕೆ ಏನೂ ಆಗಿಲ್ಲ, ಹನ್ನೆರಡು ವರ್ಷದಿಂದ ಯಾರೂ ಕೈ ಹಚ್ಚಿಲ್ಲ.’

ಸಿದ್ದಪ್ಪ ಕಿಸೆಯಿಂದ ಡೈರಿ ತೆಗೆದು, ಮುಂದಿನ ಭಾನುವಾರದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಆ ಲೇತಿನ ಹೆಸರು ಬರೆದುಕೊಂಡ.