ಅನುಪಾತ ವಿಶ್ಲೇಷಣೆ: ಯಾರಿಗೆ ಸಾಲ ಕೊಡಬಹುದು?

ಗರಿಷ್ಠ ಅಂಕಗಳು: 20

ಬ್ಯಾಡಗಿಯ ಎರಡು ಖಾಸಗಿ ಕಂಪನಿಗಳು ಒಣಮೆಣಸಿನಕಾಯಿ ಪುಡಿ ತಯಾರಿಸುತ್ತವೆ. ಹೊಸ ಯಂತ್ರಕ್ಕಾಗಿ ಇವೆರಡೂ ಒಂದೇ ಬ್ಯಾಂಕಿನಲ್ಲಿ ಶೇ. 10ರ ಬಡ್ಡಿಗೆ ತಲಾ 60 ಲಕ್ಷ ರೂಪಾಯಿಯ ಅವಧಿ ಸಾಲ ಕೇಳಿವೆ. ಶಾಖೆಯ ಮಿತಿಯಲ್ಲಿ ಒಂದು ಅರ್ಜಿಗೆ ಮಾತ್ರ ಅವಕಾಶವಿದೆ. 31 ಮಾರ್ಚ್ 2025ಕ್ಕೆ ಮುಗಿದ ವರ್ಷದ ವಿವರ ಹೀಗಿದೆ.

| ವಿವರ (ಲಕ್ಷ ರೂ.) | ಕ | ಖ |
|---|---|---|
| ಮಾರಾಟ (ಎಲ್ಲವೂ ಉದ್ರಿ) | 900 | 480 |
| ಮಾರಿದ ಸರಕಿನ ವೆಚ್ಚ | 765 | 390 |
| ಬಡ್ಡಿ, ತೆರಿಗೆಗೆ ಮುಂಚಿನ ಲಾಭ | 54 | 36 |
| ಬಡ್ಡಿ | 27 | 12 |
| ನಿವ್ವಳ ಲಾಭ | 20 | 18 |
| ದಾಸ್ತಾನು | 180 | 60 |
| ಗಿರಾಕಿಗಳಿಂದ ಬರಬೇಕಾದ ಬಾಕಿ | 90 | 70 |
| ನಗದು | 10 | 30 |
| ಸ್ಥಿರಾಸ್ತಿ | 170 | 200 |
| ಚಾಲ್ತಿ ಹೊಣೆಗಳು | 140 | 120 |
| ಅದರಲ್ಲಿ ಕ್ಯಾಶ್ ಕ್ರೆಡಿಟ್ | 100 | 50 |
| ದೀರ್ಘಾವಧಿ ಸಾಲ | 150 | 60 |
| ಷೇರುದಾರರ ನಿಧಿ | 160 | 180 |

1. ಎರಡೂ ಕಂಪನಿಗಳ ಚಾಲ್ತಿ ಅನುಪಾತ ಮತ್ತು ತ್ವರಿತ ಅನುಪಾತಗಳನ್ನು ಲೆಕ್ಕ ಹಾಕಿ. ಒಂದರಲ್ಲಿ ಮುಂದಿರುವ ಕಂಪನಿ ಇನ್ನೊಂದರಲ್ಲಿ ಹಿಂದೆ ಬೀಳುವುದೇಕೆ? ದಾಸ್ತಾನು ಗೋದಾಮಿನಲ್ಲಿ ಉಳಿಯುವ ದಿನಗಳನ್ನೂ ಬಾಕಿ ವಸೂಲಿಗೆ ಹಿಡಿಯುವ ದಿನಗಳನ್ನೂ ಕಂಡುಹಿಡಿದು ಕಾರಣ ತಿಳಿಸಿ. ವರ್ಷಾಂತ್ಯದ ಮೊತ್ತಗಳನ್ನೇ ಬಳಸಿ. (5 ಅಂಕ)

2. ಋಣ-ಈಕ್ವಿಟಿ ಅನುಪಾತವನ್ನು ಮೊದಲು ದೀರ್ಘಾವಧಿ ಸಾಲದಿಂದ, ಬಳಿಕ ಕ್ಯಾಶ್ ಕ್ರೆಡಿಟನ್ನೂ ಸೇರಿಸಿ ಲೆಕ್ಕ ಹಾಕಿ. ಕ್ಯಾಶ್ ಕ್ರೆಡಿಟ್ ಖಾತೆಯ ಬಾಕಿ ವರ್ಷದಿಂದ ವರ್ಷಕ್ಕೆ ತೀರದೆ ಉಳಿದಿದ್ದರೆ, ಸಾಲಿಗನ ದೃಷ್ಟಿಯಲ್ಲಿ ಯಾವ ಲೆಕ್ಕ ಹೆಚ್ಚು ಪ್ರಾಮಾಣಿಕವೆಂದು ಹೇಳಿ. (4 ಅಂಕ)

3. ಒಟ್ಟು ಲಾಭ, ನಿವ್ವಳ ಲಾಭ ಹಾಗೂ ತೊಡಗಿಸಿದ ಬಂಡವಾಳದ ಮೇಲಿನ ಪ್ರತಿಫಲದ ಶೇಕಡಾವಾರು ಅನುಪಾತಗಳನ್ನು ಕೊಡಿ. (3 ಅಂಕ)

4. ಕ ಕಂಪನಿಯ ದಾಸ್ತಾನಿನಲ್ಲಿ 45 ಲಕ್ಷ ರೂಪಾಯಿಯದು ಹಿಂದಿನ ಹಂಗಾಮಿನ ಮೆಣಸಿನಕಾಯಿ. ಅದನ್ನು ಶೀತಲಗೃಹದಲ್ಲಿ ಇಡದೆ ಬಣ್ಣ ಮಾಸಿದೆಯೆಂದೂ ಅರ್ಧ ಬೆಲೆಗಷ್ಟೇ ಹೋಗುತ್ತದೆಯೆಂದೂ ಸ್ಥಳ ಪರಿಶೀಲನೆಗೆ ಹೋದ ಅಧಿಕಾರಿ ಬರೆದಿದ್ದಾರೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ ಎಂಬುದನ್ನು ಮರೆಯಬೇಡಿ. ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಇಳಿಸಿ, ತೆರಿಗೆಯ ಪರಿಣಾಮವನ್ನು ಬಿಟ್ಟು, ಕ ಕಂಪನಿಯ ಚಾಲ್ತಿ ಅನುಪಾತ, ದೀರ್ಘಾವಧಿ ಸಾಲದ ಋಣ-ಈಕ್ವಿಟಿ ಅನುಪಾತ ಮತ್ತು ಬಡ್ಡಿ ರಕ್ಷಣಾ ಅನುಪಾತಗಳನ್ನು ಮತ್ತೆ ಲೆಕ್ಕ ಹಾಕಿ. (4 ಅಂಕ)

5. ಹೊಸ ಸಾಲದ ಪೂರ್ಣ ವರ್ಷದ ಬಡ್ಡಿಯನ್ನು ಸೇರಿಸಿ, ಯಂತ್ರದಿಂದ ಬರಬಹುದಾದ ಹೆಚ್ಚಿನ ಲಾಭವನ್ನು ಎಣಿಸದೆ, ಎರಡೂ ಕಂಪನಿಗಳ ಬಡ್ಡಿ ರಕ್ಷಣಾ ಅನುಪಾತಗಳನ್ನು ತಿಳಿಸಿ. ಕ ಕಂಪನಿಗೆ ನಾಲ್ಕನೇ ಪ್ರಶ್ನೆಯ ತಿದ್ದಿದ ಲಾಭವನ್ನೇ ಬಳಸಿ. ಬಳಿಕ ಯಾವ ಅರ್ಜಿಯನ್ನು ಮಂಜೂರು ಮಾಡಬೇಕೆಂದು ಶಾಖಾ ವ್ಯವಸ್ಥಾಪಕರಿಗೆ ಒಂದು ಪುಟದ ಟಿಪ್ಪಣಿ ಬರೆಯಿರಿ. ನೀವು ಆರಿಸಿದ ಕಂಪನಿಯ ದುರ್ಬಲ ಅನುಪಾತವನ್ನು ಮುಚ್ಚಿಡದೆ ಹೆಸರಿಸಿ, ಅದಕ್ಕೆ ತಕ್ಕಂತೆ ಮಂಜೂರಾತಿ ಪತ್ರದಲ್ಲಿ ಇರಬೇಕಾದ ಒಂದು ಷರತ್ತನ್ನು ಸೂಚಿಸಿ. ಸಂಖ್ಯೆಗಳನ್ನು ಪುನಃ ಬರೆದು ತೀರ್ಮಾನವನ್ನು ಓದುಗರಿಗೆ ಬಿಟ್ಟ ಟಿಪ್ಪಣಿಗೆ ಎರಡಕ್ಕಿಂತ ಹೆಚ್ಚು ಅಂಕ ಕೊಡಲಾಗುವುದಿಲ್ಲ. (4 ಅಂಕ)