ಪ್ರಮಾಣಪತ್ರ ಮತ್ತು ಪತ್ರಗಳ ಡಿಜಿಟಲೀಕರಣ: ನನ್ನ ಒಂದು ತಿಂಗಳ ಯೋಜನೆ

ಮೂರು ಪೆಟ್ಟಿಗೆಗಳಲ್ಲಿರುವ ಕಾಗದಗಳನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ನಲ್ಲಿ ಇಡುವ ಕೆಲಸಕ್ಕೆ ಈ ಯೋಜನೆಯನ್ನು ಬರೆದುಕೊಂಡಿದ್ದೇನೆ. ಇದರ ಒಂದು ಪ್ರತಿ ಮಗಳ ಬಳಿಯೂ ಇರುತ್ತದೆ. ಮೊದಲ ಪೆಟ್ಟಿಗೆಯಲ್ಲಿ ಅಂಕಪಟ್ಟಿಗಳು, ಪದವಿ ಪ್ರಮಾಣಪತ್ರಗಳು, ನೇಮಕಾತಿ, ವರ್ಗಾವಣೆ ಮತ್ತು ನಿವೃತ್ತಿಯ ಆದೇಶಗಳಿವೆ. ಇವು ಸುಮಾರು 150 ಪುಟಗಳಾಗಬಹುದು. ಉಳಿದೆರಡರಲ್ಲಿ ಹಳೆಯ ವಿದ್ಯಾರ್ಥಿಗಳು, ಸಹೋದ್ಯೋಗಿಗಳು ಮತ್ತು ಬಂಧುಗಳು ಬರೆದ ಪತ್ರಗಳಿದ್ದು, ಲಕೋಟೆಗಳನ್ನೂ ಎಣಿಸಿದರೆ 850 ಪುಟಗಳನ್ನು ಮೀರುತ್ತವೆ. ಕಾಗದವನ್ನು ಗಾಜಿನ ಮೇಲಿಟ್ಟು, ಸ್ಕ್ಯಾನ್ ಮಾಡಿ, ಹೆಸರು ಕೊಟ್ಟು, ಪಟ್ಟಿಯಲ್ಲಿ ಬರೆಯಲು ಪುಟಕ್ಕೆ ಮೂರು ನಿಮಿಷ ಬೇಕೆಂದರೆ, ಬೆಳಗಿನ ಎರಡು ಗಂಟೆಗಳಲ್ಲಿ 40 ಪುಟಗಳಾಗುತ್ತವೆ. ಸ್ಕ್ಯಾನಿಂಗ್‌ಗೆ ಸಿಗುವ 18 ದಿನಗಳಲ್ಲಿ 720 ಪುಟಗಳಷ್ಟೇ ಮುಗಿಯುವುದರಿಂದ ಎಲ್ಲವನ್ನೂ ಸ್ಕ್ಯಾನ್ ಮಾಡಲಾಗದು, ಆಯ್ಕೆ ಮಾಡಲೇಬೇಕು. ಪ್ರತಿ ವಾರದ ಏಳನೆಯ ದಿನ ಬಿಡುವು. ಫೋಟೋಗಳನ್ನು ಈ ತಿಂಗಳು ಮುಟ್ಟುವುದಿಲ್ಲ. ಅವುಗಳದ್ದು ಬೇರೆಯದೇ ಕೆಲಸ.

ಮೊದಲ ವಾರ: ವಿಂಗಡಣೆ ಮತ್ತು ಹೆಸರಿಡುವ ಕ್ರಮ

ಮೊದಲ ಎರಡು ದಿನ ಸ್ಕ್ಯಾನರನ್ನು ಹಚ್ಚುವುದೇ ಇಲ್ಲ. ಕಾಗದಗಳನ್ನು ಮೇಜಿನ ಮೇಲೆ ಹರಡಿ, ತುಕ್ಕು ಹಿಡಿದ ಗುಂಡುಪಿನ್ನುಗಳನ್ನೂ ಒಣಗಿ ಅಂಟಿಕೊಂಡ ರಬ್ಬರ್ ಬ್ಯಾಂಡುಗಳನ್ನೂ ತೆಗೆಯುವುದು. ಅಂಟುಟೇಪು ಹಚ್ಚಿದ ಕಡೆ ಕೀಳಲು ಹೋಗದೆ ಹಾಗೆಯೇ ಬಿಡುವುದು, ಏಕೆಂದರೆ ಟೇಪಿನ ಜೊತೆ ಶಾಯಿಯೂ ಕಿತ್ತುಬರುತ್ತದೆ. ಕೈಗವಸಿನ ಅಗತ್ಯವಿಲ್ಲ, ತೊಳೆದು ಒಣಗಿಸಿದ ಕೈ ಸಾಕು, ಗವಸಿನಲ್ಲಿ ತೆಳುಕಾಗದದ ಅಂಚು ಬೆರಳಿಗೆ ತಿಳಿಯುವುದೇ ಇಲ್ಲ. ಬೂಷ್ಟು ಹಿಡಿದ ಕಾಗದಗಳನ್ನು ಪ್ರತ್ಯೇಕ ಲಕೋಟೆಯಲ್ಲಿಟ್ಟು, ಮಿಕ್ಕವಕ್ಕೆ ತಾಗದಂತೆ ದೂರವಿಡುವುದು. ಫ್ಯಾಕ್ಸ್ ಕಾಗದದಲ್ಲಿ ಬಂದ ಆದೇಶಗಳು ಶಾಖ ಮತ್ತು ಬೆಳಕಿಗೆ ಮಾಸಿಹೋಗುವ ಜಾತಿಯವಾದ್ದರಿಂದ ಅವೇ ಸಾಲಿನ ಮುಂದೆ ಇರಬೇಕು.

ಪ್ರತಿ ಕಾಗದವನ್ನೂ ಮೂರರಲ್ಲಿ ಒಂದು ಗುಂಪಿಗೆ ಸೇರಿಸುವುದು: ಸ್ಕ್ಯಾನ್ ಆಗಲೇಬೇಕಾದವು, ಸಮಯ ಉಳಿದರೆ ಆಗಬೇಕಾದವು, ಕಾಗದವಾಗಿಯೇ ಇದ್ದರೂ ಸಾಕಾದವು. ಹೆಸರು ಮಾತ್ರ ಬರೆದು ಕಳುಹಿಸಿದ ಅಚ್ಚಿನ ಶುಭಾಶಯ ಪತ್ರಗಳು ಮೂರನೆಯ ಗುಂಪಿಗೆ ಹೋಗುತ್ತವೆ. ಈ ಹಂತದಲ್ಲಿ ಪತ್ರ ಓದುತ್ತ ಕೂರುವಂತಿಲ್ಲ. ಒಂದು ಪತ್ರ ಹತ್ತು ನಿಮಿಷ ನುಂಗಿದರೆ ಬೆಳಗಿನ ಕೆಲಸವೇ ನಿಂತಂತೆ. ಓದಲು ಸಂಜೆಯ ಹೊತ್ತು ಇದೆ, ಅದೂ ಸ್ಕ್ಯಾನ್ ಆದ ಮೇಲೆ, ಪರದೆಯ ಮೇಲೆ.

ಮೂರನೆಯ ದಿನವನ್ನು ಪೂರ್ತಿಯಾಗಿ ಹೆಸರಿಡುವ ಕ್ರಮಕ್ಕೆ ಮೀಸಲಿಟ್ಟಿದ್ದೇನೆ. ಇಡೀ ಯೋಜನೆಯಲ್ಲಿ ಅತ್ಯಂತ ಮುಖ್ಯವಾದ ದಿನ ಇದೇ ಎಂಬುದು ನನ್ನ ಅಭಿಪ್ರಾಯ. ಸ್ಕ್ಯಾನರ್ ತಾನಾಗಿ ಕೊಡುವ ಸಂಖ್ಯೆಯ ಹೆಸರಿನಲ್ಲಿ ಏಳುನೂರು ಕಡತಗಳು ಬಿದ್ದಿದ್ದರೆ, ಬೇಕಾದ ಪತ್ರವನ್ನು ಹುಡುಕುವುದಕ್ಕಿಂತ ಪೆಟ್ಟಿಗೆ ಕೆದಕುವುದೇ ಬೇಗ ಮುಗಿಯುತ್ತದೆ. ಹೆಸರಿನಲ್ಲಿ ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಕಾಗದದ ಬಗೆ, ಕೊನೆಗೆ ಯಾರಿಂದ ಅಥವಾ ಯಾವ ವಿಷಯ ಎಂಬುದು ಬರಬೇಕು:

```
1978-06-14_patra_vidyarthi_001.pdf
1984-00-00_adesha_vargavane_002.pdf
```

ವರ್ಷ ಮೊದಲು ಬಂದರೆ ಕಡತಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ತಿಂಗಳು ಅಥವಾ ದಿನ ತಿಳಿಯದಿದ್ದಲ್ಲಿ ಸೊನ್ನೆ ಹಾಕುವುದು. ಊಹಿಸಿದ ದಿನಾಂಕವನ್ನು ಹೆಸರಿನಲ್ಲಿ ಬರೆಯಬಾರದು. ಕೊನೆಯ ಸಂಖ್ಯೆಯನ್ನೇ ಮೂಲ ಕಾಗದದ ಹಿಂಬದಿಯ ಮೂಲೆಯಲ್ಲಿ ಮೃದುವಾದ ಪೆನ್ಸಿಲಿನಿಂದ ಬರೆಯುವುದು. ಬರೆದವರ ಪೂರ್ಣ ಹೆಸರು, ಅವರಿಗೂ ನನಗೂ ಇದ್ದ ಸಂಬಂಧ ಮತ್ತು ಒಂದು ಸಾಲಿನ ಸಾರಾಂಶವನ್ನು ಗೂಗಲ್ ಶೀಟ್ಸ್‌ನ ಪಟ್ಟಿಯಲ್ಲಿ ಕನ್ನಡದಲ್ಲೇ ತುಂಬುವುದು. ಕೈಬರಹದ ಕನ್ನಡವನ್ನು ಕಂಪ್ಯೂಟರ್ ನಂಬುವಷ್ಟು ಸರಿಯಾಗಿ ಗುರುತಿಸದ ಕಾರಣ, ನಾಳೆ ಹುಡುಕಾಟಕ್ಕೆ ನೆರವಾಗುವುದು ಈ ಪಟ್ಟಿಯೇ.

ನಾಲ್ಕನೆಯ ದಿನದಿಂದ ಮೊದಲ ಪೆಟ್ಟಿಗೆಯ ಸ್ಕ್ಯಾನಿಂಗ್. ಆರಂಭದ ಐದು ಕಾಗದಗಳನ್ನು ಸ್ಕ್ಯಾನಿನಿಂದ ಹಿಡಿದು ಅಪ್‌ಲೋಡ್‌ವರೆಗೆ ಪೂರ್ತಿ ಮುಗಿಸಿ, ಫೋನಿನಲ್ಲಿ ತೆರೆದು ನೋಡಿ, ಅನಂತರವೇ ಮುಂದುವರಿಯುವುದು.

ಎರಡನೆಯ ಮತ್ತು ಮೂರನೆಯ ವಾರ: ಸ್ಕ್ಯಾನಿಂಗ್

ಎರಡನೆಯ ವಾರದ ಮೊದಲ ದಿನಕ್ಕೆ ಮೊದಲ ಪೆಟ್ಟಿಗೆ ಮುಗಿದು, ಅಲ್ಲಿಂದ ಪತ್ರಗಳು ಆರಂಭವಾಗುತ್ತವೆ. ಎಲ್ಲ ಕಾಗದಗಳಿಗೂ 300 ಡಿಪಿಐ, ಅಂದರೆ ಅಂಗುಲಕ್ಕೆ 300 ಚುಕ್ಕೆಗಳ ಸ್ಪಷ್ಟತೆ, ಬಣ್ಣದಲ್ಲಿ. ತೀರ ಸಣ್ಣ ಅಕ್ಷರವಿರುವ ಅಥವಾ ಮುದ್ರೆ ಮಸುಕಾದ ಕಾಗದಗಳಿಗೆ ಮಾತ್ರ 600. ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಮಾಸಿದ ನೀಲಿ ಶಾಯಿಯೂ ಕಾಗದದ ಕಲೆಯೂ ಒಂದರಲ್ಲೊಂದು ಬೆರೆತುಹೋಗುತ್ತವೆ. ಎರಡೂ ಬದಿ ಬರೆದ ತೆಳುಕಾಗದದ ಹಿಂದೆ ಕಪ್ಪು ಹಾಳೆಯೊಂದನ್ನು ಇಟ್ಟರೆ ಹಿಂಬದಿಯ ಬರಹ ಮೂಡಿಬರುವುದು ಬಹಳ ಕಡಿಮೆಯಾಗುತ್ತದೆ. ಹಾಳೆಯನ್ನು ತಾನೇ ಎಳೆದುಕೊಳ್ಳುವ ಫೀಡರಿಗೆ ಹಳೆಯ ಕಾಗದವನ್ನು ಯಾವ ಕಾರಣಕ್ಕೂ ಕೊಡಬಾರದು. ಗಾಜಿಗಿಂತ ದೊಡ್ಡದಾದ ಪ್ರಮಾಣಪತ್ರಗಳನ್ನು, ಲ್ಯಾಮಿನೇಶನ್ ಹೊಳಪು ಕಣ್ಣಿಗೆ ಹೊಡೆಯುವಂಥವನ್ನು ಸಹ, ಕಿಟಕಿಯ ಓರೆ ಬೆಳಕಿನಲ್ಲಿ ಫ್ಲ್ಯಾಶ್ ಆರಿಸಿ ಫೋನಿನಿಂದ ತೆಗೆಯುವುದು.

ಒಂದು ಪತ್ರದ ಎಲ್ಲ ಪುಟಗಳೂ ಲಕೋಟೆಯ ಎರಡೂ ಬದಿಗಳೂ ಸೇರಿ ಒಂದೇ ಪಿಡಿಎಫ್ ಆಗಬೇಕು. ದಿನಾಂಕವಿಲ್ಲದ ಪತ್ರಗಳಿಗೆ ಹಲವು ಸಲ ಅಂಚೆ ಮುದ್ರೆಯೊಂದೇ ಸಾಕ್ಷಿ, ಆದ್ದರಿಂದ ಲಕೋಟೆಯನ್ನು ಬಿಡುವಂತಿಲ್ಲ. ಪದವಿ ಪ್ರಮಾಣಪತ್ರಗಳನ್ನು ಪಿಡಿಎಫ್ ಜೊತೆಗೆ ಟಿಫ್ ಎಂಬ ಚಿತ್ರಕಡತದ ರೂಪದಲ್ಲೂ ಉಳಿಸುತ್ತೇನೆ. ಎ4 ಅಳತೆಯ ಪುಟವೊಂದು 300 ಡಿಪಿಐ ಬಣ್ಣದಲ್ಲಿ, ಹೀಗೆ ಟಿಫ್ ಆಗಿ ಕುಗ್ಗಿಸದೆ ಉಳಿದರೆ ಸುಮಾರು 26 ಎಂಬಿ ಆಗುತ್ತದೆ. ಪಿಡಿಎಫ್ ಪುಟಕ್ಕೆ 2 ಎಂಬಿ ಎಂದಿಟ್ಟುಕೊಂಡರೂ 720 ಪುಟಗಳು ಒಂದೂವರೆ ಜಿಬಿ ದಾಟುವುದಿಲ್ಲ. ಉಚಿತವಾಗಿ ಸಿಗುವ 15 ಜಿಬಿಯನ್ನು ಜಿಮೇಲ್ ಮತ್ತು ಫೋಟೋಗಳೂ ಹಂಚಿಕೊಳ್ಳುತ್ತವೆಯಾದರೂ ಜಾಗದ ಚಿಂತೆ ಇಲ್ಲ.

ಪ್ರತಿದಿನ ಆ ಎರಡು ಗಂಟೆಗಳು ಮುಗಿದ ಮೇಲೆ ಹದಿನೈದು ನಿಮಿಷ ಅಂದಿನ ಕಡತಗಳನ್ನು ಅಪ್‌ಲೋಡ್ ಮಾಡಿ, ಪಟ್ಟಿಯ ಸಾಲುಗಳನ್ನು ಕಡತಗಳ ಜೊತೆ ತಾಳೆ ನೋಡುವುದು.

ನಾಲ್ಕನೆಯ ವಾರ: ಪರಿಶೀಲನೆ, ಎರಡನೆಯ ಪ್ರತಿ, ಬೀಗ

ಮೊದಲ ಮೂರು ದಿನ ಸ್ಕ್ಯಾನಿಂಗ್ ಮುಂದುವರಿಯುತ್ತದೆ. ಮೂರನೆಯ ದಿನಕ್ಕೆ ಎಷ್ಟು ಆಗಿದೆಯೋ ಅಷ್ಟಕ್ಕೆ ನಿಲ್ಲಿಸಿ, ನಾಲ್ಕನೆಯ ದಿನ ಹತ್ತರಲ್ಲೊಂದು ಕಡತವನ್ನು ತೆರೆದು, ಅಂಚು ಕತ್ತರಿಸಿದೆಯೇ, ಪುಟ ಬಿಟ್ಟುಹೋಗಿದೆಯೇ ಎಂದು ನೋಡುವುದು.

ಐದನೆಯ ದಿನ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲಿಸಿ, ಆ ಡಿಸ್ಕನ್ನು ಮಗಳ ಮನೆಯಲ್ಲಿ ಇಡುವುದು. ಕಂಪ್ಯೂಟರ್ ಮತ್ತು ಕ್ಲೌಡ್ ಒಂದಕ್ಕೊಂದು ಹೊಂದಿಕೊಂಡು ನಡೆಯುವುದರಿಂದ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಡ್ರೈವಿನ ಕಸದ ಬುಟ್ಟಿ 30 ದಿನಗಳ ನಂತರ ತಾನಾಗಿ ಬರಿದಾಗುತ್ತದೆ. ಆದ್ದರಿಂದ ಕ್ಲೌಡ್ ಒಂದನ್ನೇ ಬ್ಯಾಕಪ್ ಎಂದು ನಂಬುವಂತಿಲ್ಲ.

ಆರನೆಯ ದಿನ ಖಾತೆಗೆ ಎರಡು ಹಂತದ ದೃಢೀಕರಣ ಹಾಕಿ, ಅದರ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡುವುದು. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದಾದ್ದರಿಂದ, ಖಾತೆ ನಿಷ್ಕ್ರಿಯವಾದರೆ ನಾವು ಸೂಚಿಸಿದವರಿಗೆ ತಿಳಿಸುವ ಗೂಗಲ್ ಸೌಲಭ್ಯದಲ್ಲಿ ಮಗಳ ಹೆಸರನ್ನು ಸೇರಿಸುವುದು. ಪ್ರಮಾಣಪತ್ರಗಳ ಫೋಲ್ಡರನ್ನು ಅವಳೊಬ್ಬಳೊಂದಿಗೆ ಹಂಚಿಕೊಳ್ಳುತ್ತೇನೆ. ಪತ್ರಗಳ ಫೋಲ್ಡರ್ ಸದ್ಯಕ್ಕೆ ಯಾರಿಗೂ ತೆರೆಯುವುದಿಲ್ಲ, ಏಕೆಂದರೆ ವಿದ್ಯಾರ್ಥಿಗಳು ತಮ್ಮ ಮನೆಯ ಕಷ್ಟಗಳನ್ನು ನನ್ನೊಬ್ಬರಿಗೆಂದು ಬರೆದಿದ್ದರು. ಯಾರದಾದರೂ ಪತ್ರವನ್ನು ಇತರರಿಗೆ ತೋರಿಸಬೇಕಾದರೆ ಅವರನ್ನೇ ಕೇಳಿ ತೋರಿಸುವುದು.

ತಿಂಗಳ ಕೊನೆಯಲ್ಲಿ ಉಳಿಯುವ ಎರಡು ದಿನಗಳಲ್ಲಿ ಮೂಲ ಕಾಗದಗಳನ್ನು ಪೆನ್ಸಿಲ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಆಮ್ಲರಹಿತ ಕಾಗದದ ಲಕೋಟೆಗಳಲ್ಲಿ ಹಾಕಿ, ಗೋಡೆಯ ತೇವ ತಾಗದ ಕಪಾಟಿನಲ್ಲಿ ಇಡುವುದು. ಸ್ಕ್ಯಾನ್ ಆಯಿತೆಂದು ಯಾವುದೇ ಪ್ರಮಾಣಪತ್ರವನ್ನು ಎಸೆಯುವುದಾಗಲಿ, ಹೊಸದಾಗಿ ಲ್ಯಾಮಿನೇಟ್ ಮಾಡಿಸುವುದಾಗಲಿ ಇಲ್ಲ. ಎರಡನೆಯ ಗುಂಪಿನಲ್ಲಿ ಉಳಿದ ಪತ್ರಗಳ ಕಟ್ಟಿಗೆ ಅವು ಇನ್ನೂ ಪಟ್ಟಿಗೆ ಸೇರಿಲ್ಲವೆಂಬ ಚೀಟಿ ಅಂಟಿಸಿ, ಕಪಾಟಿನ ಮೇಲಿನ ತಟ್ಟೆಯಲ್ಲಿ ಬೇರೆಯಾಗಿ ಇಡುತ್ತೇನೆ.